ಮ್ಯಾನ್ಯುಯಲ್ ಅನುವಾದ: ‘ಯಾವುದಾದರೂ ಎರಡು ತಂತಿ’ ಅನ್ನುವ ಒಂದು ಸಾಲು

ನಾನು ಕನ್ನಡಕ್ಕೆ ತರುತ್ತಿರುವ ಟ್ರ್ಯಾಕ್ಟರ್ ಮ್ಯಾನ್ಯುಯಲ್‌ನಲ್ಲಿ ಡೀಸೆಲ್ ಲೈನಿನ ಅಧ್ಯಾಯ ಮುಗಿಯಿತು. ಮೊದಲ ಕರಡಿನಲ್ಲಿ ‘ಇಂಧನ ವ್ಯವಸ್ಥೆಯಿಂದ ಗಾಳಿ ಹೊರಹಾಕುವುದು’ ಅಂತ ತಲೆಬರಹ ಕೊಟ್ಟಿದ್ದೆ. ಗ್ಯಾರೇಜಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಗಾಳಿ ಅಂದರೆ ಅವರಿಗೆ ಟೈರಿನದು. ಡೀಸೆಲ್‌ಗೆ ‘ಏರ್ ಹಿಡಿಯುತ್ತೆ’, ಆಮೇಲೆ ‘ಏರ್ ತೆಗೆಯಬೇಕು’. ಈಗ ತಲೆಬರಹ ‘ಡೀಸೆಲ್ ಲೈನಿಗೆ ಏರ್ ಹಿಡಿದರೆ’. ಅಷ್ಟು ಬದಲಾಯಿಸಿದ ಮೇಲೆ ಹುಡುಗರು ಪುಟ ತಿರುಗಿಸಿ ಓದತೊಡಗಿದರು.

ಈ ತಿಂಗಳು ಪೂರ್ತಿ ಹೋದದ್ದು ಬೋರ್‌ವೆಲ್ ಪಂಪಿನ ಮ್ಯಾನ್ಯುಯಲ್‌ನ ಒಂದೇ ಪುಟಕ್ಕೆ. ಅದರಲ್ಲೂ ಒಂದೇ ಸಾಲಿಗೆ.

ಮೋಟಾರ್ ಉಲ್ಟಾ ತಿರುಗಿದರೆ ಏನು ಮಾಡಬೇಕು ಅನ್ನುವ ಪುಟ ಅದು. ಮೂಲದಲ್ಲಿ ಇದ್ದದ್ದು ಇಷ್ಟೇ: ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ನಾನೂ ಹಾಗೇ ಬರೆದೆ. ಭಾಷೆ ಸರಿಯಾಗಿತ್ತು, ವ್ಯಾಕರಣವೂ ಸರಿಯಾಗಿತ್ತು. ಕರಡನ್ನು ಮೋಟಾರ್ ರೀವೈಂಡಿಂಗ್ ಮಾಡುವ ಅಣ್ಣನೊಬ್ಬರಿಗೆ ಕೊಟ್ಟೆ. ಅವರು ಓದಿ, ಪುಟ ವಾಪಸ್ ಕೊಟ್ಟು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಪ್ಯಾನೆಲ್‌ನಲ್ಲಿ ಆರು ತಂತಿ ಇದ್ರೆ?”

ಚಿಕ್ಕ ಮೋಟಾರಿಗೆ ಕೆಳಗೆ ಹೋಗುವುದು ಒಂದೇ ಕೇಬಲ್, ಮೂರೇ ತಂತಿ. ಅಲ್ಲಿ ಮೂಲದ ಸಾಲು ಸರಿ. ಆದರೆ ನಮ್ಮ ಕಡೆ ನೀರು ಆಳಕ್ಕೆ ಹೋಗಿದೆ, 10 ಎಚ್‌ಪಿ ಮೋಟಾರ್ ಮಾಮೂಲು. ಅವಕ್ಕೆ ಮೊದಲು ಸ್ಟಾರ್ ಜೋಡಣೆಯಲ್ಲಿ ಎತ್ತಿಸಿ ಆಮೇಲೆ ಡೆಲ್ಟಾ ಜೋಡಣೆಗೆ ಹಾಕುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಎರಡು ಕೇಬಲ್, ಆರು ತಂತಿ. ‘ಯಾವುದಾದರೂ ಎರಡು’ ಅಂತ ಓದಿದವನು ಪ್ಯಾನೆಲ್ ತೆಗೆದು, ಕೈಗೆ ಸಿಕ್ಕ ಕೇಬಲ್‌ನ ಎರಡು ತಂತಿ ಬದಲಾಯಿಸುತ್ತಾನೆ. ತಪ್ಪು ಅವನದಲ್ಲ, ಪುಟ ಹೇಳಿದ್ದೇ ಅದನ್ನು.

ಅಣ್ಣ ಒಂದು ಹಳೆ ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದರು. ಮೋಟಾರ್ ಒಳಗೆ ಮೂರು ಕಾಯಿಲ್, ಒಂದೊಂದಕ್ಕೂ ಎರಡು ತುದಿ. ಸ್ಟಾರ್‌ನಲ್ಲಿ ಮೂರು ಕಾಯಿಲ್‌ಗಳ ಒಂದೊಂದು ತುದಿ ಒಟ್ಟಿಗೆ ಸೇರಿರುತ್ತೆ, ಇನ್ನೊಂದು ತುದಿಗೆ ಫೇಸ್ ಬರುತ್ತೆ. ಮೊದಲ ಕೇಬಲ್‌ನಲ್ಲಿ ಎರಡು ತಂತಿ ಬದಲಾಯಿಸಿದರೂ ಇಲ್ಲಿ ಏನೂ ಕೆಡುವುದಿಲ್ಲ. ಮೋಟಾರ್ ಎತ್ತಿಕೊಳ್ಳುತ್ತೆ, ದಿಕ್ಕೂ ಸರಿಯಾಗುತ್ತೆ. ಎಲ್ಲ ಸರಿಹೋಯಿತು ಅನ್ನಿಸುತ್ತೆ. ಕೆಲವು ಸೆಕೆಂಡ್ ಆದ ಮೇಲೆ ಟೈಮರ್ ಅದನ್ನು ಡೆಲ್ಟಾಗೆ ಹಾಕುತ್ತೆ. ಡೆಲ್ಟಾದಲ್ಲಿ ಪ್ರತಿ ಕಾಯಿಲ್ ಎರಡು ಬೇರೆ ಬೇರೆ ಫೇಸ್‌ಗಳ ನಡುವೆ ಕೂರಬೇಕು. ಆದರೆ ಒಂದು ಕೇಬಲ್ ಮಾತ್ರ ಬದಲಾಗಿರುವುದರಿಂದ ಒಂದು ಕಾಯಿಲಿನ ಎರಡೂ ತುದಿ ಒಂದೇ ಫೇಸಿಗೆ ಬೀಳುತ್ತವೆ. ಆ ಕಾಯಿಲಿಗೆ ವೋಲ್ಟೇಜೇ ಇಲ್ಲ. ಉಳಿದ ಎರಡೂ ಅದೇ ಎರಡು ಫೇಸ್‌ಗಳ ಮಧ್ಯೆ ಸಿಕ್ಕಿಕೊಳ್ಳುತ್ತವೆ. ಒಂದು ಫೇಸ್ ಹೋದಾಗ ಆಗುವಂಥದ್ದೇ ಗತಿ. ಗುಂಯ್ ಅನ್ನುತ್ತೆ, ಬಿಸಿಯಾಗುತ್ತೆ. ಕರೆಂಟ್ ಜಾಸ್ತಿಯಾದಾಗ ಮೋಟಾರ್ ನಿಲ್ಲಿಸುವ ರಿಲೇ ಸರಿ ಇದ್ದರೆ ಟ್ರಿಪ್ ಆಗುತ್ತೆ, ಇಲ್ಲದಿದ್ದರೆ ಸುಟ್ಟುಹೋಗುತ್ತೆ.

‘ಸ್ಟಾರ್‌ನಲ್ಲಿ ಚೆನ್ನಾಗಿ ಎತ್ತಿಕೊಂಡು, ಡೆಲ್ಟಾಗೆ ಬಿದ್ದ ತಕ್ಷಣ ಟ್ರಿಪ್ ಆದರೆ, ಇತ್ತೀಚೆಗೆ ಯಾರಾದರೂ ಕೇಬಲ್ ತಂತಿ ಬದಲಾಯಿಸಿದ್ದಾರಾ ಅಂತ ಮೊದಲು ಕೇಳಿ.’ ಈ ಸಾಲು ಮೂಲದಲ್ಲಿ ಎಲ್ಲೂ ಇಲ್ಲ. ನಾನು ಸೇರಿಸಿದ್ದೇನೆ, ಬೇರೆ ಬಣ್ಣದ ಚೌಕದಲ್ಲಿ. ಕಂಪನಿ ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಅಂತ ಓದುವವರಿಗೆ ಗೊತ್ತಾಗಬೇಕು ಅಲ್ವಾ.

ಹಾಗಾದರೆ ಬದಲಾಯಿಸುವುದು ಎಲ್ಲಿ? ಕರೆಂಟ್ ಪ್ಯಾನೆಲ್ ಒಳಗೆ ಬರುವ ಕಡೆ. ಅಲ್ಲಿ ಮೂರೇ ತಂತಿ, ಅವು ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್‌ಗಳಾದ ಕಾಂಟ್ಯಾಕ್ಟರ್‌ಗಳಿಗೆ ಕವಲೊಡೆಯುವ ಮೊದಲು ಎರಡನ್ನು ಬದಲಾಯಿಸಿದರೆ ಆರೂ ತಂತಿಗೆ ಒಟ್ಟಿಗೆ ದಿಕ್ಕು ಬದಲಾಗುತ್ತೆ. ಇಷ್ಟು ಬರೆದು ಮುಗಿಯಿತು ಅಂದುಕೊಂಡೆ. ಮತ್ತೊಂದು ತೊಡಕು ಸಿಕ್ಕಿತು. ಲೈನ್ ಸರಿ ಇಲ್ಲದಾಗ ಮೋಟಾರ್ ಓಡದಂತೆ ತಡೆಯುವ ಪ್ರಿವೆಂಟರ್.

ಹಲವು ಪ್ರಿವೆಂಟರ್‌ಗಳು ಫೇಸ್ ಹೋಗಿದೆಯಾ ಅಂತಷ್ಟೇ ನೋಡುವುದಿಲ್ಲ, ಫೇಸಿನ ಸರದಿ ಉಲ್ಟಾ ಆಗಿದ್ದರೂ ಮೋಟಾರ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಉಲ್ಟಾ ಆಗುವ ಮೊದಲು ಏನು ನಡೆದಿತ್ತು? ಟಿಸಿ, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಬೇರೆ ಟಿಸಿ ಕೂರಿಸಿದ ಮೇಲೆ, ಅಥವಾ ಲೈನ್ ಕೆಲಸ ಆದ ಮೇಲೆ ಉಲ್ಟಾ ಆಗಿದ್ದರೆ ಸರದಿ ಬದಲಾಗಿರುವುದು ಹೊರಗೆ. ಆಗ ಪ್ರಿವೆಂಟರ್‌ಗಿಂತ ಮೊದಲೇ, ಮೇನ್ ಸ್ವಿಚ್ ಕಡೆ ಬದಲಾಯಿಸಬೇಕು. ಮೋಟಾರ್ ಮೇಲೆತ್ತಿ ರೀವೈಂಡಿಂಗ್ ಮಾಡಿಸಿ, ಕೇಬಲ್ ಜಾಯಿಂಟ್ ಹಾಕಿ ಇಳಿಸಿದ ಮೇಲೆ ಉಲ್ಟಾ ಆಗಿದ್ದರೆ ಹೊರಗಿನ ಲೈನ್ ಸರಿಯಾಗೇ ಇದೆ. ಆಗ ಮೇನ್ ಸ್ವಿಚ್ ಕಡೆ ಮುಟ್ಟಿದರೆ ಪ್ರಿವೆಂಟರ್ ತಡೆಯುತ್ತೆ. ಪ್ರಿವೆಂಟರ್ ತಂತಿ ತೆಗೆದುಕೊಳ್ಳುವ ಜಾಗ ದಾಟಿದ ಮೇಲೆ, ಕಾಂಟ್ಯಾಕ್ಟರ್‌ಗಳಿಗೆ ಕವಲೊಡೆಯುವ ಮೊದಲು ಬದಲಾಯಿಸಬೇಕು. ಒಂದು ಸಾಲು ಈಗ ಎರಡು ಚಿತ್ರ ಆಗಿದೆ. ಎರಡರ ಮೇಲೂ ಮೊದಲ ಮಾತು ಒಂದೇ: ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಟೆಸ್ಟರ್ ಹಿಡಿದು ನೋಡಿ.

ಉಲ್ಟಾ ತಿರುಗುತ್ತಿದೆ ಅಂತ ಗೊತ್ತಾಗುವುದು ಹೇಗೆ ಅನ್ನುವುದನ್ನೂ ತಿದ್ದಿದೆ. ಮೋಟಾರ್ ನೂರಾರು ಅಡಿ ಕೆಳಗಿದೆ, ಕಣ್ಣಿಗೆ ಕಾಣದು. ಉಲ್ಟಾ ತಿರುಗಿದರೂ ನೀರು ಸ್ವಲ್ಪ ಬರಬಹುದು, ಆಳ ಜಾಸ್ತಿ ಇದ್ದರೆ ಬರದೇ ಇರಬಹುದು. ಅದಕ್ಕೇ ಎಷ್ಟೋ ಸಲ ‘ಬೋರ್ ಬತ್ತಿತು’ ಅಂತ ತಿಳಿದುಬಿಡುತ್ತಾರೆ. ಖಚಿತ ದಾರಿ ಒಂದೇ. ಒಂದು ದಿಕ್ಕಿನಲ್ಲಿ ಎರಡು ನಿಮಿಷ ಓಡಿಸಿ ಡೆಲಿವರಿ ನೋಡಿ, ನಿಲ್ಲಿಸಿ, ಬದಲಾಯಿಸಿ ಮತ್ತೆ ನೋಡಿ. ಯಾವುದರಲ್ಲಿ ನೀರು ಜಾಸ್ತಿಯೋ ಅದೇ ಸರಿಯಾದ ದಿಕ್ಕು.

ಅದೇ ಪುಟದ ಕೊನೆಯಲ್ಲಿ ರಿಲೇ ಸೆಟ್ಟಿಂಗ್ ಇದೆ. ‘ನೇಮ್‌ಪ್ಲೇಟ್ ಮೇಲಿನ ಆಂಪಿಯರ್‌ಗೆ ರಿಲೇ ಇಡಿ’ ಅಂತ ಮೂಲ. ಇದೂ ಮೂರು ತಂತಿಯ ಮೋಟಾರಿಗೆ ಮಾತ್ರ ನಿಜ. ಸ್ಟಾರ್-ಡೆಲ್ಟಾ ಪ್ಯಾನೆಲ್‌ಗಳಲ್ಲಿ ರಿಲೇ ಸಾಮಾನ್ಯವಾಗಿ ಮೇನ್ ಕಾಂಟ್ಯಾಕ್ಟರ್ ಕೆಳಗೆ, ಮೊದಲ ಕೇಬಲ್ ಕಡೆ ಇರುತ್ತೆ. ಡೆಲ್ಟಾದಲ್ಲಿ ಓಡುವಾಗ ಅಲ್ಲಿ ಹರಿಯುವುದು ಒಂದು ಕಾಯಿಲಿನ ಕರೆಂಟ್ ಮಾತ್ರ, ಲೈನಿನ ಕರೆಂಟಿನ 0.58 ಪಾಲು. ನೇಮ್‌ಪ್ಲೇಟ್‌ನಲ್ಲಿ 16 ಆಂಪಿಯರ್ ಇದ್ದರೆ ರಿಲೇ ಇರಬೇಕಾದ್ದು 9.3ಕ್ಕೆ. 16ಕ್ಕೇ ಇಟ್ಟರೆ, ಲೈನಿನಲ್ಲಿ ಸುಮಾರು 28 ಆಂಪಿಯರ್ ಆಗುವ ತನಕ ರಿಲೇ ಸುಮ್ನೆ ಕೂತಿರುತ್ತೆ. ಅಷ್ಟರಲ್ಲಿ ಮೋಟಾರ್ ಉಳಿಯುವುದಿಲ್ಲ. ಕೆಲವು ರಿಲೇಗಳ ಮೇಲೆ ಲೈನಿನ ಲೆಕ್ಕದಲ್ಲೇ ಅಂಕಿ ಬರೆದಿರುತ್ತಾರೆ. ಆದ್ದರಿಂದ ‘ರಿಲೇ ಮೇಲಿನ ಬರಹ ಓದಿ. ಅನುಮಾನ ಬಂದರೆ ಡೆಲ್ಟಾದಲ್ಲಿ ಓಡುವಾಗ ಲೈನ್ ತಂತಿಗೂ ರಿಲೇ ಕೆಳಗಿನ ತಂತಿಗೂ ಟಾಂಗ್ ಟೆಸ್ಟರ್ ಹಾಕಿ ನೋಡಿ’ ಅಂತ ಸೇರಿಸಿದೆ. ಲೈನಿನಲ್ಲಿ 15 ತೋರಿಸಿ ರಿಲೇ ಕೆಳಗೆ 8.7 ತೋರಿಸಿದರೆ ವೈರಿಂಗ್ ಇರುವ ಬಗೆ ಅದೇ ಅಂತ ತಿಳಿಯುತ್ತೆ.

ಪದಗಳ ಮಟ್ಟಿಗೆ ಹೇಳುವುದಾದರೆ ‘ಅತಿಹೊರೆ ಪ್ರಸಾರಕ’ ಮೊದಲ ದಿನವೇ ಹೋಯಿತು, ರಿಲೇ ರಿಲೇನೇ. ‘ಪರಿವರ್ತಕ’ ಹೋಗಿ ಟಿಸಿ ಬಂತು. ‘ಅದಲುಬದಲು’ ಮಾತ್ರ ಉಳಿಯಿತು, ಅದನ್ನು ಎಲ್ಲರೂ ಆಡುತ್ತಾರೆ.

ಈ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಮೂರು ಪ್ಯಾನೆಲ್‌ಗಳ ಬಾಗಿಲ ಒಳಗೆ ಅಂಟಿಸಿದ್ದೇವೆ. ಅಣ್ಣ ಅದರ ಕೆಳಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಆಯಾ ಮೋಟಾರಿನ ನೇಮ್‌ಪ್ಲೇಟ್ ಆಂಪಿಯರ್, ರಿಲೇ ಇಟ್ಟ ಅಂಕಿ ಮತ್ತು ತಾರೀಖು ಬರೆದರು. ಮೋಟಾರ್ ಬೋರ್ ಒಳಗೆ ಇಳಿದ ಮೇಲೆ ನೇಮ್‌ಪ್ಲೇಟ್ ಓದುವವರು ಯಾರು? ಹಾಗಾಗಿ ಆ ಮೂರು ಖಾಲಿ ಜಾಗಗಳನ್ನು ಪುಟದಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ಮುಂದಿನದು ಕೇಬಲ್ ಜಾಯಿಂಟ್ ಅಧ್ಯಾಯ.