ಮೋಕಾ ಪಾಟಿಗೆ ಯಾವ ಬೀಜ? ಶಿರಸಿಯ ಕಾಫಿ ಅಂಗಡಿಗೆ ಬರೆದ ಕಾಗದ

ಪೇಟೆಯ ಕಾಫಿ ಪುಡಿ ಅಂಗಡಿಯಲ್ಲಿ ನಮ್ಮ ಕಡೆಯವರು ಕೇಳುವ ರೀತಿ ಒಂದೇ: ‘ಕಾಲು ಕೆಜಿ, ಎಂಬತ್ತು–ಇಪ್ಪತ್ತು.’ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಫಿಲ್ಟರಿಗೆ ಅಷ್ಟು ಹೇಳಿದರೆ ಸಾಕು. ಆದರೆ ಮಗಳು ಬೆಂಗಳೂರಿನಿಂದ ಮೋಕಾ ಪಾಟ್, ಅಂದರೆ ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಡಿಕಾಕ್ಷನ್ ತೆಗೆಯುವ ಅಲ್ಯೂಮಿನಿಯಮ್ಮಿನ ಪಾತ್ರೆ, ತಂದಿಟ್ಟ ಮೇಲೆ ಕೇಳಬೇಕಾದ ಪ್ರಶ್ನೆಯೇ ಬೇರೆಯಾಯಿತು. ಗಿರಾಕಿಗಳು ಕಿಕ್ಕಿರಿದ ಅಂಗಡಿಯಲ್ಲಿ ನಿಂತು ವಿವರಿಸುವ ಮಾತಲ್ಲ ಅದು. ಹಾಗಾಗಿ ಬೀಜವನ್ನು ಅಲ್ಲಿಯೇ ಹುರಿದು ಕೊಡುವ ಯಜಮಾನರಿಗೆ ಒಂದು ಕಾಗದ ಬರೆದು, ಶಿರಸಿಗೆ ಹೊರಟಿದ್ದ ಭಾವನ ಕೈಯಲ್ಲಿ ಕಳಿಸಿದೆ.

ಬರೆಯಲು ಕುಳಿತಾಗ ನನಗೆ ಮೊದಲು ಹೊಳೆದದ್ದು, ‘ಒಳ್ಳೆಯ ಬೀಜ ಯಾವುದು’ ಎಂದು ಕೇಳಬಾರದು ಎಂಬುದು. ಹಾಲು ಹಾಕದೆ ಕುಡಿಯುವವರಿಗೆ ಒಳ್ಳೆಯದಾದ ಬೀಜ ನಮ್ಮ ಮನೆಯ ಲೋಟದಲ್ಲಿ ಕಾಣೆಯಾಗಿಬಿಡುತ್ತದೆ. ಆದ್ದರಿಂದ ಲೋಟದಲ್ಲಿ ಏನೇನು ಇರುತ್ತದೆ ಎಂಬುದನ್ನೇ ಬರೆದೆ:

‘ಮಾನ್ಯರೇ, ನಮಸ್ಕಾರ. ನಾವು ಐದು ಜನ. ನಮ್ಮಲ್ಲಿರುವುದು ಆರು ಕಪ್ಪಿನ ಮೋಕಾ ಪಾಟ್. ಸುಮಾರು 300 ಮಿಲಿಲೀಟರ್ ನೀರು, 30 ಗ್ರಾಂ ಪುಡಿ ಹಿಡಿಯುತ್ತದೆ. ಇಳಿಯುವ ಡಿಕಾಕ್ಷನ್ 250 ಮಿಲಿಲೀಟರಿನಷ್ಟು. ತಲೆಗೆ 50 ಮಿಲಿಲೀಟರ್ ಡಿಕಾಕ್ಷನ್ನಿಗೆ ಅದರ ಎರಡು ಪಾಲು ಹಾಲು ಹಾಕುತ್ತೇವೆ. ಮನೆಯ ಎಮ್ಮೆಯ ಹಾಲು, ನೀರು ಸೇರಿಸುವುದಿಲ್ಲ. ಅತ್ತೆಯವರಿಗೆ ಬೆಲ್ಲ, ಉಳಿದವರಿಗೆ ಸಕ್ಕರೆ. ಹಾಲಿನ ಮೇಲೂ ಕಾಫಿಯ ರುಚಿ ನಿಲ್ಲಬೇಕು, ಹುಳಿ ಬರಬಾರದು. ಯಾವ ಬೀಜ, ಎಷ್ಟು ಹುರಿ, ಎಂಥ ಪುಡಿ? ಚಿಕೋರಿ ಹಾಕಬಹುದೇ? ನಮ್ಮ ಅಡಿಕೆ ತೋಟದ ರೋಬಸ್ಟಾ ಹಣ್ಣನ್ನು ಅಂಗಳದಲ್ಲಿ ಒಣಗಿಸಿ ಇಟ್ಟಿದ್ದೇವೆ, ಅದನ್ನು ಬೆರೆಸಬಹುದೇ?’

ಆರು ಕಪ್ಪು ಎಂದರೆ ಇಟಲಿಯವರ ಪುಟ್ಟ ಕಪ್ಪು; ನಮ್ಮ ಲೋಟದ ಲೆಕ್ಕವಲ್ಲ. ಹಾಗಾಗಿಯೇ ನೀರು, ಪುಡಿ, ಹಾಲುಗಳ ಅಳತೆಯನ್ನು ಬಿಡಿಸಿ ಬರೆದದ್ದು. ಈ ಅಳತೆಯಲ್ಲಿಯೇ ಇನ್ನೊಂದು ಸಂಗತಿಯೂ ಇದೆ. ಹಿತ್ತಾಳೆ ಫಿಲ್ಟರಿನಲ್ಲಿ ಅಷ್ಟೇ ಪುಡಿಗೆ ನಾವು ಇದರ ಅರ್ಧದಷ್ಟು ನೀರು ಹೊಯ್ಯುತ್ತೇವೆ. ಮೋಕಾದ ಡಿಕಾಕ್ಷನ್ ಅದರ ಮುಂದೆ ತೆಳುವೇ. ಕೆಳಗಿನ ಬೋಗುಣಿಯ ನೀರು ಕಾದಾಗ ಹಬೆಯ ಒತ್ತಡ ಅದನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ರಾತ್ರಿ ಹಾಕಿಟ್ಟು ಬೆಳಿಗ್ಗೆ ತೆಗೆಯುವ ಗಟ್ಟಿತನ ಅದಕ್ಕೆ ಬರುವುದಿಲ್ಲ. ಆ ಕೊರತೆಯನ್ನು ಬೀಜವೇ ತುಂಬಿಕೊಡಬೇಕು.

ಉತ್ತರ ನನ್ನ ಕಾಗದದ ಹಿಂಬದಿಯಲ್ಲಿಯೇ ಬಂತು, ಜೊತೆಗೆ ಕಾಲು ಕೆಜಿಯ ಪೊಟ್ಟಣ. ಹುರಿದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿದ್ದರು. ಬೆರಕೆಯಲ್ಲಿ 70 ಪಾಲು ಅರೇಬಿಕಾ, ಪ್ಲಾಂಟೇಷನ್ ‘ಎ’ ದರ್ಜೆಯದು. 30 ಪಾಲು ತೊಳೆದು ಸಂಸ್ಕರಿಸಿದ ರೋಬಸ್ಟಾ, ಅವರ ಮಾತಿನಲ್ಲಿ ‘ಪಾರ್ಚ್‌ಮೆಂಟ್’. ಪರಿಮಳ ಅರೇಬಿಕಾದಿಂದ, ಹಾಲನ್ನು ಎದುರಿಸುವ ಕಸುವು ರೋಬಸ್ಟಾದಿಂದ ಎಂದು ಬರೆದಿದ್ದರು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ಕಹಿಯೂ ಹೆಚ್ಚು. ಹಾಲಿಲ್ಲದೆ ಕುಡಿದರೆ ಒಗರು ನಾಲಗೆಗೆ ಹಿಡಿಯುತ್ತದೆ. ಹಾಲಿನ ಪ್ರೋಟೀನು ಆ ಒಗರಿನ ಅಂಶಗಳನ್ನು ಕಟ್ಟಿಹಾಕುವುದರಿಂದ ಎಮ್ಮೆಯ ಹಾಲಿನ ಮನೆಯಲ್ಲಿ ಅದೇ ಗುಣ ಉಪಕಾರಕ್ಕೆ ಬರುತ್ತದೆ.

ಹುರಿಯ ಬಗ್ಗೆ ಅವರು ಖಡಾಖಂಡಿತವಾಗಿದ್ದರು. ಬೀಜ ಹುರಿಯುವಾಗ ಎರಡು ಸಲ ಸಿಡಿಯುತ್ತದೆ. ಎರಡನೆಯ ಸಿಡಿತ ಶುರುವಾಗುತ್ತಿದ್ದಂತೆ ಇಳಿಸಿದ್ದಾಗಿ ಬರೆದಿದ್ದರು. ಅದಕ್ಕಿಂತ ಬಹಳ ಮೊದಲೇ ಇಳಿಸಿದರೆ ಹುಳಿ ಉಳಿಯುತ್ತದೆ, ಹಾಲಿನೊಂದಿಗೆ ಸೇರುವುದಿಲ್ಲ. ತೀರಾ ಮುಂದಕ್ಕೆ ಬಿಟ್ಟರೆ ಬೀಜದ ಮೈಮೇಲೆ ಎಣ್ಣೆ ಜಿನುಗಿ, ಡಿಕಾಕ್ಷನ್ನಿಗೆ ಬೂದಿಯ ಕಹಿ ಬರುತ್ತದೆ. ಪುಡಿ ಫಿಲ್ಟರಿನದಕ್ಕಿಂತ ಒಂದು ಹಂತ ತರಿ. ಬೆರಳಿನ ನಡುವೆ ಉಜ್ಜಿ ನೋಡಿದೆ: ಚಿರೋಟಿ ರವೆಗಿಂತ ನುಣ್ಣಗೆ, ಆದರೆ ಕಾಳು ಕೈಗೆ ಸಿಗುತ್ತದೆ.

ಚಿಕೋರಿ ಬೇಡವೇ ಬೇಡ ಎಂಬ ಮಾತಿಗೆ ಅಡ್ಡಗೆರೆ ಹಾಕಿದ್ದರು. ಹುರಿದ ಚಿಕೋರಿಯ ಬಹುಪಾಲು ನೀರಿನಲ್ಲಿ ಕರಗಿಬಿಡುವಂಥದ್ದು. ಹನಿಹನಿಯಾಗಿ ಇಳಿಯುವ ಫಿಲ್ಟರಿನಲ್ಲಿ ಅದು ಬಣ್ಣ, ಮಂದತನ ಕೊಡುತ್ತದೆ. ಮೋಕಾದಲ್ಲಾದರೆ ಪುಡಿಯೆಲ್ಲ ಅಂಟಂಟಾಗಿ ನೀರಿಗೆ ದಾರಿ ಕಟ್ಟುತ್ತದೆ. ಒತ್ತಡ ಕೆಳಗೇ ಬೆಳೆದು, ಪಕ್ಕದ ಸುರಕ್ಷತಾ ಕವಾಟದಿಂದ ಹಬೆ ಬುಸುಗುಟ್ಟತೊಡಗಿದರೆ ಪುಡಿ ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಒಲೆ ಆರಿಸಿ, ಪೂರ್ತಿ ತಣಿದ ಮೇಲಷ್ಟೇ ತಿರುಪು ಬಿಚ್ಚಬೇಕು. ಪುಡಿಯನ್ನು ಚಮಚದಿಂದ ಒತ್ತಿದರೂ ಇದೇ ಗತಿ. ಮೇಲ್ಮಟ್ಟ ಸಮ ಮಾಡಿ ಬಿಡುವುದು, ಅಷ್ಟೇ.

ನಮ್ಮ ತೋಟದ ರೋಬಸ್ಟಾ ಬಗ್ಗೆ ಅವರು ಬರೆದದ್ದು ನನಗೆ ತುಸು ಬೇಸರ ತಂದರೂ ನ್ಯಾಯವಾಗಿತ್ತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಹಣ್ಣು ಅಂಗಳದಲ್ಲಿ ರಾಶಿಯಾಗಿಯೇ ಉಳಿಯುತ್ತದೆ, ಇಬ್ಬನಿ ಬೀಳುತ್ತದೆ, ಒಳಗೆ ಮುಗ್ಗಲು ಹಿಡಿಯುತ್ತದೆ. ಹಾಲು ಕಹಿಯನ್ನು ಅಡಗಿಸೀತು, ಮುಗ್ಗಲನ್ನು ಅಡಗಿಸದು. ‘ಮುಂದಿನ ಸಲ ಕೆಂಪು ಹಣ್ಣನ್ನಷ್ಟೇ ಕೊಯ್ದು, ತೆಳುವಾಗಿ ಹರಡಿ, ಸಂಜೆ ಮುಚ್ಚಿ ಒಣಗಿಸಿ. ತಂದು ತೋರಿಸಿ, ಹುರಿದು ನೋಡೋಣ’ ಎಂದಿದ್ದರು.

ಹುರಿದು ಒಂದು ವಾರ ಕಳೆದ ಮೇಲೆ ಪೊಟ್ಟಣ ಒಡೆದೆವು. ಕೆಳಗಿನ ಬೋಗುಣಿಗೆ ಕವಾಟದ ಕೆಳಮಟ್ಟದವರೆಗೆ ಬಿಸಿನೀರು, ಗ್ಯಾಸಿನ ಚಿಕ್ಕ ಬರ್ನರ್, ಪಾತ್ರೆಯ ತಳ ದಾಟದ ಉರಿ. ಮುಚ್ಚಳ ತೆರೆದಿಟ್ಟೇ ಕಾದೆವು. ಮೊದಲು ಕಡುಗಂದು ಬಣ್ಣದ ಎಳೆ ಸದ್ದಿಲ್ಲದೆ ನಡುಗೊಳವೆಯಿಂದ ಹೊರಬಂತು. ನಿಧಾನವಾಗಿ ಜೇನಿನ ಬಣ್ಣಕ್ಕೆ ತಿರುಗಿತು. ಗೊರಗೊರ ಸದ್ದು ಶುರುವಾಗುವ ಹೊತ್ತಿಗೆ ಇಳಿಸಿ, ತಳವನ್ನು ಒದ್ದೆ ಬಟ್ಟೆಯ ಮೇಲಿಟ್ಟೆ. ಆ ಸದ್ದು ಬಂದ ಮೇಲೆ ಬರುವುದು ಹಬೆ ಬೆರೆತ ಸುಟ್ಟ ಕಹಿ. ಅದು ಸೇರಿದರೆ ತಪ್ಪು ಬೀಜದ್ದು ಎನಿಸಿಬಿಡುತ್ತದೆ.

ಡಿಕಾಕ್ಷನ್ನನ್ನು ಬರಿದೇ ಚಪ್ಪರಿಸಿದಾಗ ಹುಳಿಯಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಆದರೆ ಹಾಲು ಹಾಕಿಕೊಟ್ಟ ಲೋಟವನ್ನು ಅತ್ತೆ ಅರ್ಧ ಕುಡಿದು, ‘ಚೆನ್ನಾಗಿದೆ, ಆದರೆ ಹಾಲೇ ಮುಂದಾಗಿದೆ’ ಎಂದರು. ಬೆಲ್ಲದ ಲೋಟದಲ್ಲಿ ಆ ಕೊರತೆ ಇನ್ನೂ ಎದ್ದು ಕಾಣುತ್ತಿತ್ತು, ಏಕೆಂದರೆ ಬೆಲ್ಲಕ್ಕೆ ತನ್ನದೇ ರುಚಿಯಿದೆ. ಡಿಕಾಕ್ಷನ್ ಸರಿಯಾಗಿದ್ದು ಹಾಲಿನಲ್ಲಿ ಮಾತ್ರ ಸೋತರೆ ಉರಿ, ಪುಡಿಗಳನ್ನು ಮುಟ್ಟಬಾರದು, ಬೆರಕೆಯನ್ನೇ ಬದಲಿಸಬೇಕು. ಹಾಗೆಂದೇ ಎರಡನೆಯ ಚೀಟಿ ಬರೆದೆ: ಹುರಿ ಅದೇ, ತರಿ ಅದೇ, ಅರೇಬಿಕಾ 60, ರೋಬಸ್ಟಾ 40.

ಅದು ನಮ್ಮ ಮನೆಗೆ ಹೊಂದಿತು. ಅತ್ತೆ ಎರಡನೆಯ ಲೋಟ ಕೇಳಿದರು. ಮಳೆಗಾಲದಲ್ಲಿ ಇಲ್ಲಿನ ಥಂಡಿಗೆ ಪುಡಿ ಬೇಗ ಕೆಡುವುದರಿಂದ ಈಗ ಒಂದು ಸಲಕ್ಕೆ ಕಾಲು ಕೆಜಿಗಿಂತ ಹೆಚ್ಚು ತರಿಸುವುದಿಲ್ಲ. ಬೆಂಗಳೂರಿನಲ್ಲಿ ಹಾಲಿಲ್ಲದೆ ಕುಡಿಯುವ ಮಗಳಿಗೆ ಮಾತ್ರ ಈ ಬೆರಕೆ ಒರಟಾಗುತ್ತದೆ. ಅವಳಿಗೆಂದು ಬರೀ ಅರೇಬಿಕಾವನ್ನು ತುಸು ಹದವಾಗಿ ಹುರಿದು, ಪುಡಿ ಮಾಡದೆ ಬೀಜವಾಗಿಯೇ ಕೊಡಿ ಎಂದು ಈ ವಾರದ ಚೀಟಿಯಲ್ಲಿ ಸೇರಿಸಿದ್ದೇನೆ.