ಭಯದ ಮಾತು ಬಿಡಿ, ಫೋನ್ ನಂಬರ್ ಕೇಳಿ

"ಅಷ್ಟು ದೂರದ ದೇಶದಲ್ಲಿ ಹೆಣ್ಣುಮಗಳು ಒಬ್ಬಳೇ ಹೇಗಿದ್ದೆಯಮ್ಮ? ರಾತ್ರಿ ಹೊತ್ತು ಭಯವಾಗುತ್ತಿರಲಿಲ್ಲವೇ?"

ಆಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ತುಮಕೂರು ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹುಡುಕುವಾಗಲೂ ಆಗುತ್ತದೆ. ಭಯ ಆಗುವುದೂ ಬಿಡುವುದೂ ಯಾರ ಕೈಯಲ್ಲೂ ಇಲ್ಲ, ಅದನ್ನು ತಿಳಿದುಕೊಂಡು ಯಾರಿಗೂ ಏನೂ ಆಗಬೇಕಾಗಿಲ್ಲ.

ಮದುವೆಮನೆಯಲ್ಲಿ, ಗೃಹಪ್ರವೇಶದಲ್ಲಿ, ಊಟದ ಎಲೆಯ ಮುಂದೆ ಈ ಮಾತು ಬರುತ್ತದೆ. ಕೇಳುವುದು ನನ್ನನ್ನು, ನೋಡುವುದು ಪಕ್ಕದಲ್ಲಿ ಕೂತ ನನ್ನ ಅಮ್ಮನನ್ನು. ಹೇಗೆ ಕಳಿಸಿದಿರಿ ಎನ್ನುವ ಆಕ್ಷೇಪಣೆ ಆ ನೋಟದಲ್ಲೇ ಇರುತ್ತದೆ. ಅದೇ ಸಾಲಿನಲ್ಲಿ ಮುಂದಿನ ತಿಂಗಳು ವಿಮಾನ ಹತ್ತಲಿರುವ ಹುಡುಗಿಯೊಬ್ಬಳು ಕಿವಿಗೊಟ್ಟು ಕೂತಿರುತ್ತಾಳೆ. ಅವಳಿಗೆ ಕೆಲಸಕ್ಕೆ ಬರುವ ಒಂದು ಮಾತನ್ನೂ ಯಾರೂ ನನ್ನಿಂದ ಕೇಳುವುದಿಲ್ಲ. ಅವಳು ಫೋನ್ ಎತ್ತದಿದ್ದರೆ ತುಮಕೂರಿನಲ್ಲಿ ಕೂತವರು ಯಾರಿಗೆ ಫೋನ್ ಮಾಡಬೇಕು? ಇದನ್ನು ಕೇಳಿ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರ ಕೊಡುತ್ತೇನೆ.

ಒಂದು ಡಿಸೆಂಬರ್‌ನಲ್ಲಿ ಬೆಳಗಿನ ಐದೂವರೆಗೆ ನಮ್ಮ ಬೀದಿಯ ಆಂಟಿ ಬಂದು ಬಾಗಿಲು ತಟ್ಟಿದರು. ಅವರ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಮ್ಯಾಂಚೆಸ್ಟರ್‌ನಿಂದ ರಾತ್ರಿ ಒಂಬತ್ತೂವರೆಯ ರೈಲು ಹತ್ತುತ್ತೇನೆ, ಒಂದು ಗಂಟೆಯ ದಾರಿ, ಮನೆ ಮುಟ್ಟಿದ ಕೂಡಲೇ ತಿಳಿಸುತ್ತೇನೆ ಎಂದು ಸಂದೇಶ ಕಳಿಸಿದ್ದಳು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅಂದರೆ ಅಲ್ಲಿ ಆಗ ನಡುರಾತ್ರಿ. ಸಂದೇಶವಿಲ್ಲ, ಫೋನ್ ಸ್ವಿಚ್ ಆಫ್.

ಅಂಕಲ್ ಅಷ್ಟರಲ್ಲಿ 112ಕ್ಕೆ ಕರೆ ಮಾಡಿದ್ದರು. ಇಲ್ಲಿಂದ ಒತ್ತಿದ 112 ನಮ್ಮ ರಾಜ್ಯದ ನಿಯಂತ್ರಣ ಕೊಠಡಿಗೇ ಹೋಗುತ್ತದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತನಾಡಿದರು, ಆದರೆ ಅವರಿಂದ ಆಗುವಂಥದ್ದು ಏನೂ ಇರಲಿಲ್ಲ. ಬ್ರಿಟನ್ನಿನ ತುರ್ತು ಸಂಖ್ಯೆ 999 ಎಂದು ಯಾರೋ ಹೇಳಿದರು. ಅದು ಆ ದೇಶದ ಒಳಗಿದ್ದವರಿಗೆ ಮಾತ್ರ, ಭಾರತದಿಂದ ಒತ್ತಿದರೆ ಅಲ್ಲಿಗೆ ತಲುಪುವುದಿಲ್ಲ. ಇಲ್ಲಿಂದ ಬೇಕಾಗುವುದು +44 ಎಂದು ಶುರುವಾಗುವ, ಆ ಪ್ರದೇಶದ ಪೊಲೀಸರ ಪೂರ್ತಿ ಸಂಖ್ಯೆ. ಅದು ಅವರ ಜಾಲತಾಣದಲ್ಲಿ ಹೊರದೇಶದಿಂದ ಕರೆ ಮಾಡುವವರಿಗೆಂದು ಇರುತ್ತದೆ. ಬೆಳಗಿನ ಜಾವ ಕೈ ನಡುಗುತ್ತಿರುವಾಗ ಹುಡುಕುವ ವಸ್ತುವಲ್ಲ ಅದು.

ಮಗಳ ವಿಳಾಸ ಕೇಳಿದೆ. "ಲೀಡ್ಸ್ ಕಣಮ್ಮ, ಯೂನಿವರ್ಸಿಟಿ ಹತ್ತಿರ" ಎಂದರು ಆಂಟಿ. ಕೊನೆಗೆ ವಿಳಾಸ ಸಿಕ್ಕಿದ್ದು ಹಿಂದಿನ ತಿಂಗಳು ಚಟ್ನಿಪುಡಿ, ಕೋಡುಬಳೆ ಕಳಿಸಿದ್ದ ಕೊರಿಯರ್ ರಸೀದಿಯಲ್ಲಿ. ಮನೆ ಸಂಖ್ಯೆ, ಬೀದಿ, ಪೋಸ್ಟ್‌ಕೋಡ್ ಎಲ್ಲವೂ ಅದರಲ್ಲಿತ್ತು. ಬ್ರಿಟನ್ನಿನ ಪೋಸ್ಟ್‌ಕೋಡ್ ನಮ್ಮ ಪಿನ್‌ಕೋಡಿನ ಹಾಗೆ ಇಡೀ ಬಡಾವಣೆಗೆ ಒಂದಲ್ಲ, ಬೀದಿಯ ಕೆಲವೇ ಮನೆಗಳಿಗೆ ಒಂದು. ಅದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ವಿಶ್ವವಿದ್ಯಾಲಯದ ಭದ್ರತಾ ವಿಭಾಗಕ್ಕೆ ಕರೆ ಮಾಡಿದೆವು. ಅಲ್ಲಿ ಇಡೀ ರಾತ್ರಿ ಜನ ಇರುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಹೆಸರು, ಹುಟ್ಟಿದ ದಿನಾಂಕ, ವಿದ್ಯಾರ್ಥಿ ಸಂಖ್ಯೆ, ಕೊನೆಯ ಸಂದೇಶ ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದರು. ಹೆಸರಿನಲ್ಲೇ ತೊಡಕಾಯಿತು. ನಮ್ಮ ಕಡೆ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ, ಅಲ್ಲಿನ ದಾಖಲೆಯಲ್ಲಿ ಅದು ಇನ್ನೊಂದು ರೂಪ ತಾಳಿರುತ್ತದೆ. ಹಾಸ್ಟೆಲಿನಲ್ಲಿದ್ದಿದ್ದರೆ ಅವರೇ ಹೋಗಿ ಬಾಗಿಲು ತಟ್ಟುತ್ತಿದ್ದರು. ಇದು ಹೊರಗಿನ ಬಾಡಿಗೆ ಮನೆ, ಆದ್ದರಿಂದ ಪೊಲೀಸರಿಗೆ ತಿಳಿಸಿ ಎಂದರು. ಆ ಸಂಖ್ಯೆ ಹುಡುಕುತ್ತಿರುವಾಗಲೇ ಮಗಳ ಕರೆ ಬಂತು. ಸಿಗ್ನಲ್ ಕೆಟ್ಟು ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತ್ತು, ಫೋನ್ ಚಾರ್ಜ್ ಮುಗಿದಿತ್ತು. ಮನೆ ಮುಟ್ಟಿ ಜತೆಯ ಹುಡುಗಿಯ ಫೋನಿನಿಂದ ಮಾತನಾಡುತ್ತಿದ್ದಳು. ಆ ಜತೆಯ ಹುಡುಗಿಯ ಸಂಖ್ಯೆ ಆಂಟಿಯ ಬಳಿ ಮೊದಲೇ ಇದ್ದಿದ್ದರೆ, ಆ ಮನೆಯಲ್ಲಿ ಯಾರೋ ಒಬ್ಬರು ಅವಳಿಗಾಗಿ ಎಚ್ಚರವಾಗಿದ್ದಾರೆ ಎಂಬುದಾದರೂ ಗೊತ್ತಾಗುತ್ತಿತ್ತು.

ಅಂದಿನಿಂದ ಹೊರಡುವ ಹುಡುಗಿಯರಿಗೆಲ್ಲ ಒಂದು ಹಾಳೆ ಬರೆಸುತ್ತೇನೆ. ಮೇಲೆ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಹುಟ್ಟಿದ ದಿನಾಂಕ, ವಿದ್ಯಾರ್ಥಿ ಸಂಖ್ಯೆ, ಪೋಸ್ಟ್‌ಕೋಡ್ ಸಹಿತ ವಿಳಾಸ. ಕೆಳಗೆ ಕರೆ ಮಾಡಬೇಕಾದ ಕ್ರಮದಲ್ಲೇ ಸಂಖ್ಯೆಗಳು: ಜತೆಯಲ್ಲಿರುವವಳು, ವಿಶ್ವವಿದ್ಯಾಲಯದ ಭದ್ರತಾ ವಿಭಾಗ, ಅಲ್ಲಿನ ಪೊಲೀಸರು, ಭಾರತದ ರಾಯಭಾರ ಕಚೇರಿ. ಎಲ್ಲವೂ ದೇಶದ ಸಂಕೇತದೊಂದಿಗೆ. ವಿಶ್ವವಿದ್ಯಾಲಯದ ನಮೂನೆಯಲ್ಲಿ ತುರ್ತು ಸಂಪರ್ಕ ಎಂದಿರುವ ಕಡೆ ಅಪ್ಪನ ಹೆಸರೊಂದನ್ನೇ ಬರೆಯಬೇಡಿ. ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲಬಲ್ಲವರ ಹೆಸರು ಅಲ್ಲಿರಬೇಕು. ಹದಿನೆಂಟು ದಾಟಿದವರ ವಿಷಯವನ್ನು ತಂದೆತಾಯಿಗೂ ವಿಶ್ವವಿದ್ಯಾಲಯ ಸುಮ್ಮನೆ ಹೇಳುವುದಿಲ್ಲ, ಅದಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಆದರೆ ಹೋಗಿ ನೋಡಿ ಎಂದು ಕೇಳುವುದಕ್ಕೆ ಯಾರ ಒಪ್ಪಿಗೆಯೂ ಬೇಡ.

ಪೊಲೀಸರೊಂದಿಗೆ ಮಾತನಾಡುವಾಗ ಮಗಳು ಫೋನ್ ಎತ್ತುತ್ತಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಜೀವಕ್ಕೆ ಅಪಾಯವಿರಬಹುದು ಎನ್ನಿಸಿದಾಗಲೇ ಅವರು ಮನೆಗೆ ಹೋಗಿ ನೋಡುವುದು. ಯಾವ ರೈಲಿನಲ್ಲಿ ಹೊರಟಳು, ಎಷ್ಟು ಹೊತ್ತಿಗೆ ತಲುಪಬೇಕಿತ್ತು, ಇಷ್ಟು ಹೊತ್ತು ಸುಮ್ಮನಿರುವುದು ಅವಳ ಸ್ವಭಾವವಲ್ಲ ಏಕೆ, ಆರೋಗ್ಯದ ತೊಂದರೆ ಇದೆಯೇ, ಯಾರಾದರೂ ಬೆದರಿಸುತ್ತಿದ್ದರೇ ಎಂಬುದನ್ನು ಬಿಡಿಸಿ ಹೇಳಬೇಕು.

ತಡರಾತ್ರಿಯ ಪ್ರಯಾಣಕ್ಕೂ ಇದೇ ಲೆಕ್ಕ. ಹೊರಡುವಾಗ ಕಳಿಸುವ ಸಂದೇಶದಲ್ಲಿ ಯಾವ ರೈಲು, ಎಷ್ಟಕ್ಕೆ ತಲುಪುತ್ತೇನೆ ಎನ್ನುವುದರ ಜತೆಗೆ, ಎಷ್ಟು ಗಂಟೆಯವರೆಗೆ ಕಾದು ಆಮೇಲೆ ವಿಚಾರಿಸಬೇಕು ಎಂಬುದೂ ಇರಲಿ. ಅದನ್ನು ಅಮ್ಮನಿಗಲ್ಲ, ಅದೇ ಊರಿನಲ್ಲಿ ಎಚ್ಚರವಿರುವ ಗೆಳತಿಗೆ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಅವಧಿಗಳಿವೆ. ರಾತ್ರಿ ಪ್ರಯಾಣಕ್ಕೆ 8 ಗಂಟೆಯದನ್ನೇ ಒತ್ತಿ, ರೈಲು ನಿಂತರೂ ಅದು ನಡುವೆ ಮುಗಿಯುವುದಿಲ್ಲ. ರೈಲಿನಲ್ಲಿ ಯಾರಾದರೂ ಕಾಟ ಕೊಟ್ಟರೆ ಬ್ರಿಟನ್ನಿನ ರೈಲ್ವೆ ಪೊಲೀಸರಿಗೆ 61016ಕ್ಕೆ ಎಸ್ಎಂಎಸ್ ಕಳಿಸಬಹುದು, ಪಕ್ಕದವನಿಗೆ ಗೊತ್ತಾಗುವುದಿಲ್ಲ. ತುರ್ತಿನಲ್ಲಿ 999ಕ್ಕೆ ಕರೆ ಮಾಡಿದಿರಿ, ಮಾತನಾಡುವ ಹಾಗಿಲ್ಲ ಎನ್ನಿ. ಕೆಮ್ಮಿ ಅಥವಾ ಫೋನ್ ಮೇಲೆ ತಟ್ಟಿ. ಅದೂ ಆಗದಿದ್ದರೆ, ಧ್ವನಿಮುದ್ರಿತ ಸೂಚನೆ ಬಂದಾಗ 55 ಒತ್ತಿದರೆ ಪೊಲೀಸರಿಗೆ ದಾಟಿಸುತ್ತಾರೆ, ಒತ್ತದಿದ್ದರೆ ಕರೆ ಕಡಿತವಾಗುತ್ತದೆ. ಇದು ಮೊಬೈಲಿನಿಂದ ಮಾತ್ರ. 999ಕ್ಕೆ ಎಸ್ಎಂಎಸ್ ಕಳಿಸಬೇಕೆಂದರೆ `register` ಎಂದು ಮೊದಲೇ ಕಳಿಸಿ ನೋಂದಾಯಿಸಿರಬೇಕು.

ಹಂಚಿಕೊಂಡ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮಾಲೀಕ ಮನೆಯೊಳಗೆ ಬರಲು ಸಾಮಾನ್ಯವಾಗಿ 24 ಗಂಟೆ ಮೊದಲು ತಿಳಿಸಬೇಕು, ಕೀಲಿ ತನ್ನ ಬಳಿ ಇದೆಯೆಂದು ನುಗ್ಗುವ ಹಾಗಿಲ್ಲ. ಕೋಣೆಗೆ ಬೀಗ ಬೇಕೆಂದರೆ ಮಾಲೀಕನನ್ನೇ ಕೇಳಿ, ಒಳಗಿನಿಂದ ಕೀಲಿಯಿಲ್ಲದೆ ಕೈಯಲ್ಲೇ ತಿರುಗಿಸಿ ತೆರೆಯುವಂಥದ್ದನ್ನು ಹಾಕಿಸಿಕೊಳ್ಳಿ. ಒಳಗೂ ಕೀಲಿ ಬೇಕಾಗುವ ಬೀಗ ಬೆಂಕಿ ಬಿದ್ದಾಗ ನಿಮ್ಮನ್ನೇ ಕೂಡಿಹಾಕುತ್ತದೆ. ಮೊದಲ ವಾರದಲ್ಲೇ ಜತೆಯವರ ಮನೆಯವರ ಫೋನ್ ಸಂಖ್ಯೆಯನ್ನು ನೀವು, ನಿಮ್ಮ ಮನೆಯವರದನ್ನು ಅವರು ಬರೆದುಕೊಳ್ಳಿ. ಮನೆ ಬದಲಿಸಿದ ದಿನವೇ ಊರಿನ ಹಾಳೆಯೂ ಬದಲಾಗಲಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಪೊಲೀಸರ ಸಂಖ್ಯೆಗೆ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ, ಸಾಮಾನ್ಯ ಕರೆಯೇ ಆಗಬೇಕು. ನಿಮ್ಮ ಸಿಮ್‌ನಲ್ಲಿ ಐಎಸ್‌ಡಿ ಇದೆಯೇ, ಕರೆನ್ಸಿ ಇದೆಯೇ ಎಂದು ಮಗಳು ಹೊರಟ ವಾರವೇ ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿ. ಆಮೇಲೆ ಹಗಲು ಹೊತ್ತಿನಲ್ಲಿ ಅವಳ ಜತೆಯ ಹುಡುಗಿಗೆ ಒಮ್ಮೆ ಮಾಮೂಲಿ ಕರೆ ಮಾಡಿ, ಅಲ್ಲಿ ರಿಂಗ್ ಆಗುತ್ತದೆಯೇ ನೋಡಿ.