ಎಪ್ಪತ್ತೈದರ ತೂತು

ಮೇಷ್ಟ್ರು ಹೋದರು ಅಂತ ಹಳೆಯ ಗೆಳೆಯ ರಾತ್ರಿ ಫೋನ್ ಮಾಡಿದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ, "ಆ ಪಿನ್ ನೆನಪಿದೆಯಾ?" ಅಂದ. ಆ ಪಿನ್ನಿನ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂರು ವರ್ಷ ಓದಿದ ಮಿಕ್ಕ ಪಾಠಗಳಲ್ಲಿ ಏನು ಉಳಿದಿದೆ ಅಂತ ಕೇಳಬೇಡಿ.

ನಾವು ಅವರನ್ನು ಕ್ರ್ಯಾಂಕ್ ಮೇಷ್ಟ್ರು ಅನ್ನುತ್ತಿದ್ದೆವು. ಎರಡೂ ಅರ್ಥದಲ್ಲಿ. ಯಂತ್ರವನ್ನು ತಿರುಗಿಸುವ ತೋಳೂ ಕ್ರ್ಯಾಂಕೇ, ವಿಚಿತ್ರ ಸ್ವಭಾವದವರೂ ಕ್ರ್ಯಾಂಕೇ. ಲ್ಯಾಬಿನ ಮೂಲೆಯಲ್ಲಿ ಅವರೇ ಕೈಯಾರೆ ಮಾಡಿದ ಒಂದು ಮಾದರಿ ಇತ್ತು. ಮೋಟಾರು, ಗೇರ್ ಬಾಕ್ಸು, ಒಂದು ಡಿಸ್ಕು. ಡಿಸ್ಕಿನ ಕೇಂದ್ರದಿಂದ 50 ಮಿ.ಮೀ. ದೂರದಲ್ಲಿ ಕ್ರ್ಯಾಂಕ್ ಪಿನ್. ಅದಕ್ಕೆ 200 ಮಿ.ಮೀ. ಉದ್ದದ ಕನೆಕ್ಟಿಂಗ್ ರಾಡ್. ರಾಡಿನ ತುದಿಯಲ್ಲಿ ಹಳಿಯ ಮೇಲೆ ಹಿಂದೆ ಮುಂದೆ ಓಡುವ ಸ್ಲೈಡರ್. ಸ್ಲೈಡರಿಗೆ ಕಟ್ಟಿದ ಹಗ್ಗ ಆಚೆ ತುದಿಯ ರಾಟೆ ಮೇಲೆ ಹಾದು 20 ಕೆ.ಜಿ. ತೂಕವನ್ನು ನೇತುಹಾಕಿಕೊಂಡಿತ್ತು. ಸ್ಲೈಡರ್ ಕ್ರ್ಯಾಂಕ್ ಕಡೆಗೆ ಬಂದರೆ ತೂಕ ಮೇಲೇರುತ್ತೆ, ದೂರ ಹೋದರೆ ಇಳಿಯುತ್ತೆ. ಡಿಸ್ಕಿನ ಅಂಚಿನಲ್ಲಿ 15 ಡಿಗ್ರಿಗೊಂದರಂತೆ ತೂತು. ಅದರಲ್ಲಿ ಒಂದು ಪಿನ್ ತೂರಿಸಿದರೆ ಡಿಸ್ಕು ಅಲ್ಲೇ ಲಾಕ್.

ಮೊದಲ ದಿನ ಸ್ಟ್ರೋಕ್, ಅಂದರೆ ಸ್ಲೈಡರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವ ದೂರ, ಎಷ್ಟು ಅಂತ ಕೇಳಿದರು. 100 ಮಿ.ಮೀ. ಅಂತ ಎಲ್ಲರೂ ಕೂಗಿದೆವು. ಕ್ರ್ಯಾಂಕಿನ ಎರಡರಷ್ಟು, ಅದರಲ್ಲೇನಿದೆ? "ಸರಿ. ಕಾಲು ಸುತ್ತು ತಿರುಗಿದರೆ ಸ್ಲೈಡರ್ ಎಷ್ಟು ದೂರ ಬರುತ್ತೆ?" 50 ಅಂದೆವು. ಅವರು ಬೈಯಲಿಲ್ಲ. ಹಳಿಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ಸ್ಲೈಡರ್ ಅತಿ ದೂರ ಇರುವ ಜಾಗ ಸೊನ್ನೆ. ಅಲ್ಲಿಂದ ಒಂದೊಂದು ತೂತಿಗೂ ನಿಲ್ಲಿಸಿ ಗುರುತು ಹಾಕು ಅಂದರು.

ಮೊದಲ 15 ಡಿಗ್ರಿಗೆ ಸ್ಲೈಡರ್ ಕದಲಿದ್ದು ಬರೀ 2 ಮಿ.ಮೀ. ನಡುವೆ ಬರುವಷ್ಟರಲ್ಲಿ ಅದೇ 15 ಡಿಗ್ರಿಗೆ 13 ಮಿ.ಮೀ. ದಾಟುತ್ತಿತ್ತು. ಈಚೆ ತುದಿಯಲ್ಲಿ ಮತ್ತೆ ಒತ್ತೊತ್ತು ಗೆರೆಗಳು, ಕೊನೆಯ ಗುರುತು ಒಂದೂಕಾಲು ಮಿ.ಮೀ.ಗೆ ಬಂತು. ಡಿಸ್ಕು ಒಂದೇ ವೇಗದಲ್ಲಿ ತಿರುಗಿದರೂ ಸ್ಲೈಡರ್ ತುದಿಗಳಲ್ಲಿ ತೆವಳುತ್ತೆ, ನಡುವೆ ಓಡುತ್ತೆ. 90ರ ಗುರುತು ಅಳೆದರೆ 56 ಮಿ.ಮೀ. ಚಿಲ್ಲರೆ! ನಾನು ತಪ್ಪು ಅಳೆದೆ ಅಂದುಕೊಂಡು ಎರಡು ಸಲ ಅಳೆದೆ.

"ರಾಡ್ ನೋಡೋ," ಅಂದರು. ಸೊನ್ನೆಯಲ್ಲಿ ರಾಡ್ ನೆಟ್ಟಗೆ ಮಲಗಿರುತ್ತೆ. 90ರಲ್ಲಿ ಓರೆಯಾಗಿ ನಿಂತಿರುತ್ತೆ. ಓರೆಯಾದ ಕೋಲು ಹಳಿಯ ಉದ್ದಕ್ಕೆ ಮೊಟಕಾಗುತ್ತೆ, ಇಲ್ಲಿ ಆರು ಮಿ.ಮೀ.ಗಿಂತ ತುಸು ಜಾಸ್ತಿ. ಆ ಮೊಟಕಾದಷ್ಟೇ ಸ್ಲೈಡರ್ ಮುಂದೆ ಬಂದಿರುತ್ತೆ. ಅರ್ಧ ಸ್ಟ್ರೋಕ್ ಮುಗಿಯುವುದು 90ಕ್ಕಲ್ಲ, ಸುಮಾರು 83ಕ್ಕೇ. ರಾಡ್ ಉದ್ದ ಮಾಡಿದಷ್ಟೂ ಈ ಸೊಟ್ಟ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ.

ಮುಂದಿನ ವಾರ ಟಾರ್ಕ್, ಅಂದರೆ ತಿರುಗಿಸುವ ಬಲ. ಮೋಟಾರು ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕಲು ಹೇಳಿದರು. ನಾವು ಜಾಣರು. ತೂಕ ಹತ್ತಿರ ಹತ್ತಿರ 200 ನ್ಯೂಟನ್, ಏರುವುದು 10 ಸೆಂ.ಮೀ., ಕೆಲಸ 20 ಜೂಲ್. ಅರ್ಧ ಸುತ್ತಿಗೆ ಹಂಚಿದರೆ 6.4 ನ್ಯೂಟನ್ ಮೀಟರ್. ಈ ಮೋಟಾರು ಗೇರ್ ಬಾಕ್ಸ್ ದಾಟಿ ಹೆಚ್ಚೆಂದರೆ 8 ಕೊಡುತ್ತೆ, ಬೇಕಾದಷ್ಟಾಯಿತು ಅಂದೆವು. ಮೇಷ್ಟ್ರು ಮೋಟಾರಿನ ಹಿಂದಿದ್ದ ಫ್ಲೈವೀಲ್ ಅನ್ನೋ ಭಾರದ ಚಕ್ರವನ್ನು ಬಿಚ್ಚಿ ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದರು. ಡಿಸ್ಕು ಹೊರಟಿತು, ನಿಧಾನವಾಯಿತು, ನಡುವಿಗೆ ಬರುವಷ್ಟರಲ್ಲಿ ನಿಂತೇಹೋಯಿತು. ಮೋಟಾರು ಗುಂಯ್ ಅನ್ನುತ್ತಿತ್ತು. ಬಿಸಿ ವಾರ್ನಿಶ್ ವಾಸನೆ ಬರುವ ಮುಂಚೆ ಆಫ್ ಮಾಡಿದರು.

ಸರಾಸರಿ ನಮಗೆ ಮೋಸ ಮಾಡಿತ್ತು. ತುದಿಗಳಲ್ಲಿ ಕ್ರ್ಯಾಂಕಿಗೆ ಬೇಕಾದ ಟಾರ್ಕ್ ಸೊನ್ನೆ. 90ರಲ್ಲಿ 200 ನ್ಯೂಟನ್ನಿಗೆ 50 ಮಿ.ಮೀ. ತೋಳು, ಅಂದರೆ 10 ನ್ಯೂಟನ್ ಮೀಟರ್. ಅದಕ್ಕೂ ಕೊಂಚ ಮೊದಲೇ, ಕ್ರ್ಯಾಂಕೂ ರಾಡೂ ಒಂದಕ್ಕೊಂದು ಅಡ್ಡ ನಿಲ್ಲುವ 76-77 ಡಿಗ್ರಿಯ ಹತ್ತಿರ, ಇನ್ನೂ ಚೂರು ಜಾಸ್ತಿ. ಸ್ಲೈಡರ್ ಎಲ್ಲಿ ಜೋರಾಗಿ ಓಡುತ್ತೋ ಅಲ್ಲೇ ಮೋಟಾರಿಗೆ ಕಷ್ಟ. ಪೆನ್ಸಿಲ್ ಗುರುತುಗಳು ಅದನ್ನು ಹಿಂದಿನ ವಾರವೇ ಹೇಳಿದ್ದವು, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಇಳಿಯುವ ಅರ್ಧ ಸುತ್ತಿನಲ್ಲಿ ತೂಕವೇ ಕ್ರ್ಯಾಂಕನ್ನು ತಳ್ಳುತ್ತೆ. ಫ್ಲೈವೀಲ್ ಆಗ ಆ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಏರುವಾಗ ನಡುವಿನ ದಿಣ್ಣೆ ದಾಟಿಸುತ್ತೆ. ಅದನ್ನು ವಾಪಸ್ ಹಾಕಿದ ಮೇಲೆ ಅದೇ ಮೋಟಾರು ಅದೇ ತೂಕವನ್ನು ಆಡುತ್ತಾ ಎತ್ತಿತು.

ಈಗ ತುಂಟತನದ ವಿಷಯಕ್ಕೆ ಬರೋಣ. ಹೊರಗಿನಿಂದ ಪರೀಕ್ಷಕರು ಬರುವ ಹಿಂದಿನ ಸಂಜೆ. ಅಷ್ಟರಲ್ಲಿ ಪುಸ್ತಕದಲ್ಲಿ 'ಡೆಡ್ ಸೆಂಟರ್' ಅನ್ನೋ ಮಾತು ಓದಿದ್ದೆವು. ಕ್ರ್ಯಾಂಕೂ ರಾಡೂ ಒಂದೇ ಗೆರೆಗೆ ಬಂದರೆ ಯಂತ್ರ ಹೊರಡೋದೇ ಇಲ್ಲವಂತೆ! ನಾವಿಬ್ಬರು ಲ್ಯಾಬಿಗೆ ನುಗ್ಗಿ, 90ರಲ್ಲಿದ್ದ ಪಿನ್ನನ್ನು ಕಿತ್ತು, ಡಿಸ್ಕು ತಿರುಗಿಸಿ, ಸೊನ್ನೆಯಲ್ಲಿ ತೂರಿಸಿ ಬಂದೆವು. ನಾಳೆ ಇದೆ ಹಬ್ಬ ಅಂತ ರಾತ್ರಿಯೆಲ್ಲ ನಗು.

ಬೆಳಿಗ್ಗೆ ಮೇಷ್ಟ್ರು ಪಿನ್ ತೆಗೆದು ಸ್ವಿಚ್ ಒತ್ತಿದರು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೊರಟಿತು. ಪರೀಕ್ಷಕರು ತಲೆದೂಗಿದರು. ನಮ್ಮ ಮುಖ ನೋಡಿ ಮೇಷ್ಟ್ರು, "ನಿನ್ನೆ ಮರೆತು ನಡುವೆ ನಿಲ್ಲಿಸಿ ಹೋಗಿದ್ದೆ. ಹಾಗೇ ಬಿಟ್ಟಿದ್ದರೆ ಇವತ್ತು ಮಾನ ಹೋಗ್ತಿತ್ತು. ಯಾರೋ ಪುಣ್ಯಾತ್ಮರು ಸರಿಯಾದ ಜಾಗಕ್ಕೆ ತಂದಿಟ್ಟಿದ್ದಾರೆ," ಅಂದರು. ಫ್ಲೈವೀಲ್ ತಿರುಗುತ್ತಿದ್ದರೆ ತಾನೇ ಸಹಾಯ? ನಿಂತ ಫ್ಲೈವೀಲ್ ಬರೀ ಕಬ್ಬಿಣ. 90ರಿಂದ ಹೊರಡಬೇಕಾಗಿದ್ದರೆ ಮೋಟಾರಿಗೆ ಮೊದಲ ಕ್ಷಣದಲ್ಲೇ 10 ಬೇಕಾಗಿತ್ತು, ಇದ್ದದ್ದು 8. ಪುಸ್ತಕದ ಡೆಡ್ ಸೆಂಟರ್ ಪಿಸ್ಟನ್ ಕಡೆಯಿಂದ ತಳ್ಳುವ ಎಂಜಿನ್‌ಗೆ ಶಾಪ. ಕ್ರ್ಯಾಂಕ್ ಕಡೆಯಿಂದ ತಿರುಗಿಸುವ ಮೋಟಾರಿಗೆ ಅದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ.

ಹೇಳಿಕೊಂಡರೆ ಜಂಭ ಅನ್ನಿಸಬಹುದು, ಆದರೂ ಹೇಳುತ್ತೇನೆ. ಒಮ್ಮೆ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ತಳ್ಳುವ ಯಂತ್ರ ಆಗಾಗ ಸ್ಟ್ರೋಕಿನ ನಡುವೆ ನಿಂತು ಮತ್ತೆ ಹೊರಡುತ್ತಿರಲಿಲ್ಲ. ಎಲ್ಲರೂ ದೊಡ್ಡ ಮೋಟಾರ್ ತರಿಸೋಣ ಅನ್ನುತ್ತಿದ್ದರು. ನಾನು ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿದೆ. ಸ್ಟಾಪ್ ಸ್ವಿಚ್ಚಿನ ಸೆನ್ಸರನ್ನು ಸ್ಟ್ರೋಕಿನ ತುದಿಗೆ ಸರಿಸಲು ಹೇಳಿದೆ, ಅಷ್ಟೇ. ಮೋಟಾರು ಅದೇ ಇದೆ. ಈಗಿನ ಹುಡುಗರು ಯಂತ್ರವನ್ನು ಕಂಪ್ಯೂಟರಿನಲ್ಲೇ ಓಡಿಸಿ ನನಗೆ ಸ್ಕ್ರೀನಿನ ಮೇಲೆ ಚೆಂದದ ಗ್ರಾಫ್ ತೋರಿಸುತ್ತಾರೆ. ಮೋಟಾರಿಗೆ ನಿಮಿಷಕ್ಕೆ 60 ಸುತ್ತು ಅಂತ ಬರೆದುಬಿಟ್ಟಿರುತ್ತಾರೆ, ಅದು ಪಾಪ ಯಾವ ಭಾರಕ್ಕೂ ಜಗ್ಗದೆ ತಿರುಗುತ್ತೆ. ದಿಣ್ಣೆ ಗ್ರಾಫಿನಲ್ಲಿ ಕಾಣುತ್ತೆ, ಯಾರ ಕೈಗೂ ತಾಕೋದಿಲ್ಲ. ಮೋಟಾರು ಗುಂಯ್ ಅನ್ನೋದನ್ನು ಒಂದು ಸಲವಾದರೂ ಕೇಳಿಸಬೇಕು ಅಲ್ವಾ?

ಕಾಲೇಜು ಬಿಟ್ಟು ಎಷ್ಟೋ ವರ್ಷದ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದಾಗ ಮೇಷ್ಟ್ರೂ ಬಂದಿದ್ದರು. ನಾವಿಬ್ಬರೂ ಹೋಗಿ ತಪ್ಪೊಪ್ಪಿಕೊಂಡೆವು. ಅವರಿಗೇನೂ ಆಶ್ಚರ್ಯ ಆಗಲಿಲ್ಲ.

"ನಿಜವಾಗಲೂ ಕೆಡಿಸಬೇಕು ಅಂತಿದ್ದರೆ ಪಿನ್ ಎಲ್ಲಿ ಹಾಕಬೇಕಿತ್ತು?" ಅಂತ ಕೇಳಿದರು.

"ಎಪ್ಪತ್ತೈದರ ತೂತಿಗೆ ಸಾರ್. ತೂಕ ಏರೋ ಕಡೆ."

"ಅದನ್ನ ಆವತ್ತೇ ಹೇಳಿದ್ದರೆ ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ ಕಣೋ," ಅಂದರು.